ಒಂದೇ ಚಿತ್ರ, ಎರಡು ಹೆಸರು: ಪ್ರಬಂಧಗಳಲ್ಲಿ ಮರುಬಳಕೆಯಾದ ಪ್ಯಾನೆಲ್‌ಗಳನ್ನೂ ಅಂಟಿಸಿದ ಬ್ಯಾಂಡ್‌ಗಳನ್ನೂ ಗುರುತಿಸುವ ಕೈಪಿಡಿ

ಜೀವವಿಜ್ಞಾನದ ಹಸ್ತಪ್ರತಿಯೊಂದು ಪರಿಶೀಲನೆಗೆ ಬಂದಾಗ ನಾವು ಚಿತ್ರಗಳಲ್ಲಿ ಮೊದಲು ನೋಡುವುದು ಕೋಶಗಳನ್ನು ಮತ್ತು ಪ್ರೋಟೀನ್ ಅಥವಾ ಡಿಎನ್‌ಎ ಇರುವ ಕಡೆ ಮೂಡುವ ಪಟ್ಟೆಗಳಾದ ಬ್ಯಾಂಡ್‌ಗಳನ್ನು, ಏಕೆಂದರೆ ಲೇಖಕರ ವಾದ ನಿಂತಿರುವುದು ಅವುಗಳ ಮೇಲೆ. ಆದರೆ ಒಂದು ಪ್ಯಾನೆಲ್, ಅಂದರೆ ಚಿತ್ರದೊಳಗಿನ ಒಂದು ಬಿಡಿ ಭಾಗ, ಬೇರೊಂದರ ನಕಲೋ ಅಲ್ಲವೋ ಎಂಬುದನ್ನು ತಿಳಿಸುವುದು ಸಾಮಾನ್ಯವಾಗಿ ಅವುಗಳ ಸುತ್ತಲಿನ ಖಾಲಿ ಜಾಗ. ಅಲ್ಲಿ ಬಿದ್ದ ಧೂಳಿನ ಕಣ, ಮೆಂಬ್ರೇನ್ ಮೇಲಿನ ಗೀರು, ಬಣ್ಣ ಸರಿಯಾಗಿ ತೊಳೆದು ಹೋಗದೆ ಉಳಿದ ಕಲೆ ಇವು ಯಾರ ಉದ್ದೇಶಕ್ಕೂ ಒಳಪಡದೆ ಬಂದಿರುವ ಗುರುತುಗಳು. ಎರಡು ಬೇರೆ ಪ್ರಯೋಗಗಳಲ್ಲಿ ಅವು ಒಂದೇ ವಿನ್ಯಾಸದಲ್ಲಿ ಮರುಕಳಿಸುವುದಿಲ್ಲ.

1995ರಿಂದ 2014ರವರೆಗೆ 40 ನಿಯತಕಾಲಿಕಗಳಲ್ಲಿ ಪ್ರಕಟವಾದ 20,621 ಪ್ರಬಂಧಗಳನ್ನು ಸೂಕ್ಷ್ಮಜೀವಿವಿಜ್ಞಾನಿ ಎಲಿಸಬೆತ್ ಬಿಕ್ ಮತ್ತು ಅವರ ಸಹಲೇಖಕರು ಪರಿಶೀಲಿಸಿ 2016ರಲ್ಲಿ ವರದಿ ಮಾಡಿದಾಗ, ಅವುಗಳಲ್ಲಿ ಶೇಕಡಾ 3.8ರಷ್ಟು ಪ್ರಬಂಧಗಳಲ್ಲಿ ತೊಂದರೆಯ ಚಿತ್ರಗಳಿದ್ದವು. ಆ ಪರಿಶೀಲನೆ ನಡೆದದ್ದು ಮುಖ್ಯವಾಗಿ ಬರಿಗಣ್ಣಿನಿಂದ. ಅವರು ದೋಷಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು: ಇದ್ದಂತೆಯೇ ನಕಲಾದವು, ಸರಿಸಿ ಅಥವಾ ತಿರುಗಿಸಿ ನಕಲಾದವು, ಒಳಭಾಗವನ್ನೇ ಬದಲಿಸಿ ನಕಲಾದವು. ಈ ಕೈಪಿಡಿಯೂ ಹೆಚ್ಚುಕಡಿಮೆ ಅದೇ ಕ್ರಮದಲ್ಲಿ ಸಾಗುತ್ತದೆ, ಏಕೆಂದರೆ ಪತ್ತೆಯ ಶ್ರಮವೂ ಆ ಕ್ರಮದಲ್ಲೇ ಹೆಚ್ಚುತ್ತ ಹೋಗುತ್ತದೆ.

## ಕೆಲಸ ಶುರುಮಾಡುವ ಮೊದಲು

ಪರದೆಯ ಮೇಲಿನ ಪುಟವನ್ನು ಸ್ಕ್ರೀನ್‌ಶಾಟ್ ತೆಗೆದು ಅದನ್ನು ಪರೀಕ್ಷಿಸಬೇಡಿ. ಸ್ಕ್ರೀನ್‌ಶಾಟ್ ತೆಗೆಯುವಾಗ ಪಿಕ್ಸೆಲ್‌ಗಳು ಹೊಸದಾಗಿ ಲೆಕ್ಕವಾಗುವುದರಿಂದ ಇರುವ ಸುಳಿವು ಅಳಿಸಬಹುದು, ಇಲ್ಲದ ಗೆರೆ ಮೂಡಬಹುದು. ಪಿಡಿಎಫ್ ಕಡತದೊಳಗೆ ಹುದುಗಿರುವ ಚಿತ್ರವನ್ನು ಟರ್ಮಿನಲ್‌ನಲ್ಲಿ `pdfimages` ಉಪಕರಣದಿಂದ ಹಾಗೆಯೇ ಹೊರತೆಗೆಯುವುದು ಉಚಿತವಾದ ಮತ್ತು ಸುಲಭವಾದ ದಾರಿ:

```
pdfimages -list prabandha.pdf
pdfimages -all prabandha.pdf chitra
```

ಮೊದಲ ಆಜ್ಞೆ ಕೊಡುವ ಪಟ್ಟಿಯಲ್ಲಿ `object` ಎಂಬ ಕಾಲಂ ಇರುತ್ತದೆ. ಪ್ಯಾನೆಲ್‌ಗಳು ಬಿಡಿಬಿಡಿಯಾಗಿ ಸೇರಿದ್ದರೆ, ಅಲ್ಲಿ ಒಂದೇ ಸಂಖ್ಯೆ ಎರಡು ಸಾಲುಗಳಲ್ಲಿ ಕಂಡರೆ ಒಂದೇ ಚಿತ್ರವನ್ನು ಎರಡು ಕಡೆ ಇಡಲಾಗಿದೆ ಎಂದರ್ಥ. ಲಾಂಛನಗಳೂ ಹೀಗೆಯೇ ಮರುಕಳಿಸುತ್ತವೆಯಾದ್ದರಿಂದ ಅದು ಯಾವ ಚಿತ್ರ ಎಂದು ತೆರೆದು ನೋಡಿಯೇ ಮುಂದುವರಿಯಬೇಕು. ಹೆಚ್ಚಿನ ಹಸ್ತಪ್ರತಿಗಳಲ್ಲಿ ಇಡೀ ಚಿತ್ರಪುಟ ಒಂದೇ ತುಂಡಾಗಿರುತ್ತದೆ. ಆಗ ಈ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ, ಕಣ್ಣಿನಿಂದಲೇ ನೋಡಬೇಕಾಗುತ್ತದೆ.

ಎಚ್ಚರಿಕೆಯ ಮಾತೊಂದನ್ನು ಇಲ್ಲಿಯೇ ಹೇಳಬೇಕು. ಪ್ರಕಟವಾಗದ ಹಸ್ತಪ್ರತಿ ಗೋಪ್ಯ ದಾಖಲೆ. ಅದರ ಚಿತ್ರಗಳನ್ನು ಯಾವುದೇ ಜಾಲತಾಣಕ್ಕೆ ಏರಿಸಿ ಪರೀಕ್ಷಿಸಬೇಡಿ, ಸಹೋದ್ಯೋಗಿಗೆ ತೋರಿಸುವ ಮುನ್ನವೂ ಸಂಪಾದಕರ ಅನುಮತಿ ಪಡೆಯಿರಿ. ಇಮೇಜ್‌ಜೆ ಅಥವಾ ಫಿಜಿಯಂತಹ ಉಚಿತ ತಂತ್ರಾಂಶ ನಿಮ್ಮ ಗಣಕದಲ್ಲಿಯೇ ಓಡುತ್ತದೆ, ಅದು ಸಾಕು. ಮೂಲ ಕಡತವನ್ನು ಮುಟ್ಟದೆ ಪ್ರತಿಯ ಮೇಲೆ ಮಾತ್ರ ಕೆಲಸ ಮಾಡಿ.

## ಲಕ್ಷಣ: ಎರಡು ಪ್ಯಾನೆಲ್‌ಗಳು ಇದ್ದಂತೆಯೇ ಒಂದೇ ಆಗಿ ಕಾಣುತ್ತವೆ

ಇದಕ್ಕೆ ಮೊದಲ ಪರೀಕ್ಷೆ ಚಿತ್ರದ ಕೆಳಗಿನ ವಿವರಣೆಯನ್ನು ನಿಧಾನವಾಗಿ ಓದುವುದು. ಒಂದೇ ಕ್ಷೇತ್ರವನ್ನು ಬೇರೆ ಬೇರೆ ಬಣ್ಣದ ಚಾನೆಲ್‌ಗಳಲ್ಲಿ ತೆಗೆದಿದ್ದರೆ ಕೋಶಗಳ ಜಾಗ ಒಂದೇ ಇರಲೇಬೇಕು. ಒಂದರ ಹಿಗ್ಗಿಸಿದ ಭಾಗ ಇನ್ನೊಂದಾಗಿದ್ದರೂ ಹಾಗೆಯೇ. ಒಂದೇ ದಿನ ಮಾಡಿದ ಪ್ರಯೋಗಕ್ಕೆ ಹೋಲಿಕೆಗಾಗಿ ಇಟ್ಟ ಒಂದೇ ಕಂಟ್ರೋಲ್ ಇದ್ದು, ಅದನ್ನು ಎರಡು ಚಿತ್ರಗಳಲ್ಲಿ ತೋರಿಸಿ ಹಾಗೆಂದು ಬರೆದಿದ್ದರೆ ಅದು ತಪ್ಪಲ್ಲ. ಬರೆಯದೆ ಇದ್ದರೆ ಅದು ಕೇಳಬೇಕಾದ ಪ್ರಶ್ನೆ, ಆದರೆ ಅಷ್ಟರಿಂದಲೇ ವಂಚನೆಯ ಗುರುತಾಗುವುದಿಲ್ಲ.

ಅಂಗಾಂಶದ ಚಿತ್ರಗಳಲ್ಲಿ ಇನ್ನೊಂದು ಸಂಗತಿಯನ್ನು ನೆನಪಿಡಬೇಕು. ಒಂದೇ ಅಂಗಾಂಶದ ತುಂಡಿನಿಂದ ಒಂದರ ಹಿಂದೊಂದು ಕೊಯ್ದ ಪದರಗಳು ಕೆಲವೇ ಮೈಕ್ರೋಮೀಟರ್ ದಪ್ಪದವು. ಗ್ರಂಥಿಗಳ ಮತ್ತು ರಕ್ತನಾಳಗಳ ಆಕಾರ ಎರಡು ನೆರೆಪದರಗಳಲ್ಲಿ ಬಹಳ ಹೋಲುತ್ತದೆ. ವ್ಯತ್ಯಾಸ ತಿಳಿಯಬೇಕಾದರೆ ದೊಡ್ಡ ಆಕಾರವನ್ನು ಬಿಟ್ಟು ಒಂದೊಂದೇ ಕೋಶಕೇಂದ್ರವನ್ನು ನೋಡಿ. ನೆರೆಪದರಗಳಲ್ಲಿ ಕೆಲವು ಕೋಶಕೇಂದ್ರಗಳು ಮಾಯವಾಗಿ ಹೊಸವು ಕಾಣಿಸಿಕೊಂಡಿರುತ್ತವೆ, ಉಳಿದವುಗಳ ಅಂಚೂ ತುಸು ಬದಲಾಗಿರುತ್ತದೆ. ಎಲ್ಲ ಕೋಶಕೇಂದ್ರಗಳೂ, ಅವುಗಳ ನಡುವಿನ ಕಸವೂ ಸಮೇತ ಒಂದೇ ಜಾಗದಲ್ಲಿದ್ದರೆ ಅದು ನೆರೆಪದರವಲ್ಲ, ಅದೇ ಚಿತ್ರ.

## ಲಕ್ಷಣ: ಒಂದು ಮೂಲೆ ಮಾತ್ರ ಎಲ್ಲೋ ನೋಡಿದಂತಿದೆ

ಮೊದಲಿನದಕ್ಕಿಂತ ಪತ್ತೆಗೆ ಹೆಚ್ಚು ಕಷ್ಟ ಕೊಡುವುದು ಈ ಬಗೆ. ಒಂದೇ ಮಾದರಿಯ ಮೇಲೆ ಸೂಕ್ಷ್ಮದರ್ಶಕದ ಪೀಠವನ್ನು ತುಸು ಸರಿಸಿ ಎರಡು ಫೋಟೊ ತೆಗೆದರೆ, ಅಥವಾ ಒಂದೇ ದೊಡ್ಡ ಫೋಟೊದಿಂದ ಎರಡು ತುಂಡುಗಳನ್ನು ಕತ್ತರಿಸಿದರೆ, ಒಂದರ ಬಲಮೂಲೆ ಇನ್ನೊಂದರ ಎಡಮೂಲೆಯಾಗಿ ಬರುತ್ತದೆ. ಅದರ ಮೇಲೆ ತಿರುಗಿಸಿದ್ದರೆ ಕಣ್ಣಿಗೆ ಸುಲಭವಾಗಿ ಸಿಗುವುದಿಲ್ಲ. ಒಂದು ಉದಾಹರಣೆಯನ್ನು ಪೂರ್ತಿಯಾಗಿ ಬಿಡಿಸಿ ನೋಡೋಣ.

ಕೋಶಗಳ ಚಲನೆಯನ್ನು ಅಳೆಯುವ ಪ್ರಯೋಗದ ಒಂದು ಚಿತ್ರದಲ್ಲಿ ನಾಲ್ಕು ಪ್ಯಾನೆಲ್‌ಗಳಿವೆ ಎಂದಿಟ್ಟುಕೊಳ್ಳೋಣ: ‘ಎ’ ಕಂಟ್ರೋಲ್, ‘ಬಿ’ ಔಷಧ ಕೊಟ್ಟದ್ದು, ‘ಸಿ’ ಜೀನ್ ತಗ್ಗಿಸಿದ್ದು, ‘ಡಿ’ ಜೀನನ್ನು ಮರಳಿ ಸೇರಿಸಿದ್ದು. ಕೋಶಗಳು ರಂಧ್ರಗಳುಳ್ಳ ಪ್ಲಾಸ್ಟಿಕ್ ಮೆಂಬ್ರೇನನ್ನು ದಾಟಿ ಕೆಳಗೆ ಬಂದಿವೆ, ಕ್ರಿಸ್ಟಲ್ ವಯೊಲೆಟ್ ಬಣ್ಣ ಹಾಕಿ ಎಣಿಸಲಾಗಿದೆ. ‘ಬಿ’ಯ ಕೆಳಗಿನ ಬಲಮೂಲೆಯಲ್ಲಿ ಎರಡು ಬಾಲಗಳಿರುವ ಒಂದು ಉದ್ದನೆಯ ಕೋಶವಿದೆ. ‘ಡಿ’ಯ ಕೆಳಗಿನ ಬಲಮೂಲೆಯಲ್ಲೂ ಅಂತಹದ್ದೇ ಒಂದಿದೆ, ಆದರೆ ತಲೆಕೆಳಗಾಗಿ.

ಒಂದು ಕೋಶದ ಹೋಲಿಕೆಗೆ ಬೆಲೆಯಿಲ್ಲ. ಅದರ ಸುತ್ತ ಇನ್ನೆರಡು ಗುರುತುಗಳನ್ನು ಆರಿಸಿ ತ್ರಿಕೋನ ಮಾಡಿಕೊಳ್ಳಿ. ಇಲ್ಲಿ ಜೋಡಿಯಾಗಿ ಅಂಟಿದ ಎರಡು ಕೋಶಗಳು ಒಂದು ಗುರುತು, ನೂಲಿನಂತಹ ಕಸ ಇನ್ನೊಂದು. ಇಮೇಜ್‌ಜೆಯ ನೇರಗೆರೆ ಸಾಧನದಿಂದ ಮೂರು ಬಾಹುಗಳನ್ನೂ ಅಳೆಯಿರಿ. ‘ಬಿ’ಯಲ್ಲಿ 112, 87 ಮತ್ತು 140 ಪಿಕ್ಸೆಲ್ ಬಂದು, ‘ಡಿ’ಯಲ್ಲಿ 140, 109 ಮತ್ತು 175 ಬಂದರೆ ಮೊದಲ ನೋಟಕ್ಕೆ ಅವು ಬೇರೆ ಎನಿಸುತ್ತವೆ. ಭಾಗಿಸಿ ನೋಡಿದರೆ ಮೂರೂ 1.25ರ ಅನುಪಾತಕ್ಕೆ ಬರುತ್ತವೆ, ಅಂದರೆ ‘ಡಿ’ಯನ್ನು ಕಾಲುಪಾಲು ಹಿಗ್ಗಿಸಲಾಗಿದೆ. ಎರಡು ಪ್ಯಾನೆಲ್‌ಗಳ ಅಳತೆಪಟ್ಟಿಗಳು ಪರದೆಯ ಮೇಲೆ ಒಂದೇ ಉದ್ದವಿದ್ದು ಒಂದೇ ಅಳತೆಯನ್ನು ಹೇಳುತ್ತಿದ್ದರೆ ಆ ಅಳತೆಪಟ್ಟಿಗಳಲ್ಲಿ ಒಂದಾದರೂ ತಪ್ಪಾಗಿರಬೇಕು ಎಂಬುದೂ ಇದರಿಂದಲೇ ಹೊರಬೀಳುತ್ತದೆ.

ಮುಂದೆ ತ್ರಿಕೋನದ ಸುತ್ತು ನೋಡಿ. ಎರಡು ಬಾಲದ ಕೋಶದಿಂದ ಜೋಡಿ ಕೋಶಕ್ಕೆ, ಅಲ್ಲಿಂದ ನೂಲಿಗೆ ಹೋಗುವ ದಾರಿ ಎರಡೂ ಪ್ಯಾನೆಲ್‌ಗಳಲ್ಲಿ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿಯೇ ಇದ್ದರೆ ಆಗಿರುವುದು ಬರೀ ತಿರುಗಿಸುವಿಕೆ. ಒಂದರಲ್ಲಿ ಹಾಗೆ, ಇನ್ನೊಂದರಲ್ಲಿ ತಿರುವುಮುರುವು ಇದ್ದರೆ ಕನ್ನಡಿಬಿಂಬ. ಈ ಭೇದಕ್ಕೆ ತೂಕವಿದೆ. ಗಾಜಿನ ಪಟ್ಟಿಯನ್ನು ಅಡ್ಡವಾಗಿಟ್ಟರೆ ಚಿತ್ರ ತಾನಾಗಿಯೇ ತಿರುಗಿ ಬರಬಹುದು, ಆದರೆ ಅದೇ ಪಟ್ಟಿಯ ಅದೇ ಮುಖವನ್ನು ಅದೇ ಕ್ಯಾಮೆರಾ ವ್ಯವಸ್ಥೆಯಲ್ಲಿ ನೋಡುವಾಗ ಕನ್ನಡಿಬಿಂಬ ಬರುವುದಿಲ್ಲ. ಅದಕ್ಕೆ ಪಟ್ಟಿಯನ್ನು ಮಗುಚಿರಬೇಕು, ಇಲ್ಲವೇ ತಂತ್ರಾಂಶದಲ್ಲಿ ಯಾರೋ ಆ ಆಯ್ಕೆಯನ್ನು ಒತ್ತಿರಬೇಕು.

ಇನ್ನು ಹಿನ್ನೆಲೆ. ಈ ಬಗೆಯ ಮೆಂಬ್ರೇನ್‌ನಲ್ಲಿ ರಂಧ್ರಗಳು ಸಾಲುಸಾಲಾಗಿರುವುದಿಲ್ಲ; ಅವನ್ನು ಕೊರೆಯುವ ವಿಧಾನದಿಂದಾಗಿ ಅಡ್ಡಾದಿಡ್ಡಿಯಾಗಿ ಹರಡಿಕೊಂಡಿರುತ್ತವೆ, ಕೆಲವು ಒಂದಕ್ಕೊಂದು ಅಂಟಿಕೊಂಡೂ ಇರುತ್ತವೆ. ಆದ್ದರಿಂದ ಪ್ರತಿ ಮೆಂಬ್ರೇನ್‌ನ ಪ್ರತಿ ಚದರಕ್ಕೂ ತನ್ನದೇ ಬೆರಳಚ್ಚು ಇರುತ್ತದೆ. ಹತ್ತು ಹನ್ನೆರಡು ರಂಧ್ರಗಳು, ಅವುಗಳಲ್ಲಿ ಅಂಟಿಕೊಂಡ ಜೋಡಿಗಳೂ ಸೇರಿ, ‘ಬಿ’ ಮತ್ತು ‘ಡಿ’ಯಲ್ಲಿ ಒಂದೇ ವಿನ್ಯಾಸದಲ್ಲಿದ್ದರೆ ಅವೆರಡೂ ಒಂದೇ ಮೆಂಬ್ರೇನ್‌ನ ಒಂದೇ ಜಾಗ. ಒಂದು ಜಾಗ ಪ್ರಯೋಗತಟ್ಟೆಯ ಎರಡು ಬೇರೆ ಗುಳಿಗಳಲ್ಲಿ ಇರಲು ಸಾಧ್ಯವಿಲ್ಲ, ಆದ್ದರಿಂದ ಎರಡರಲ್ಲಿ ಒಂದು ಹೆಸರು ತಪ್ಪು.

ಇನ್ನೂ ಖಚಿತ ಬೇಕಿದ್ದರೆ ಕಳೆಯುವ ಲೆಕ್ಕ ಮಾಡಬಹುದು. ‘ಡಿ’ಯ ತುಂಡನ್ನು ಶೇಕಡಾ 80ಕ್ಕೆ ಕುಗ್ಗಿಸಿ, 180 ಡಿಗ್ರಿ ತಿರುಗಿಸಿ, ‘ಬಿ’ಯ ತುಂಡಿನಷ್ಟೇ ಅಳತೆಗೆ ಕತ್ತರಿಸಿ, `Process > Image Calculator...` ತೆರೆದು `Difference` ಆರಿಸಿ. ಒಂದೇ ಚಿತ್ರವಾಗಿದ್ದರೆ ಫಲಿತಾಂಶ ಬಹುತೇಕ ಕಪ್ಪಾಗುತ್ತದೆ, ಕುಗ್ಗಿಸಿದ ಕಾರಣ ಕೋಶಗಳ ಅಂಚಿನಲ್ಲಿ ಮಾತ್ರ ಸಣ್ಣ ಎಳೆ ಉಳಿಯುತ್ತದೆ. ಮೂಲ ಗುಣಮಟ್ಟದ ಕಡತಗಳಿದ್ದಾಗ ಇನ್ನೊಂದು ಸೂಕ್ಷ್ಮವನ್ನೂ ಓದಬಹುದು: ಕೋಶಗಳು ಕಳೆದುಹೋಗಿ ಕ್ಯಾಮೆರಾದ ಕಾಳುಕಾಳಾದ ಗದ್ದಲ ಮಾತ್ರ ಉಳಿದರೆ ಒಂದೇ ಜಾಗವನ್ನು ಎರಡು ಬಾರಿ ಕ್ಲಿಕ್ಕಿಸಲಾಗಿದೆ, ಗದ್ದಲವೂ ಕಳೆದುಹೋದರೆ ಒಂದೇ ಕಡತವನ್ನು ನಕಲು ಮಾಡಲಾಗಿದೆ. ಪಿಡಿಎಫ್‌ನಿಂದ ತೆಗೆದ ಜೆಪೆಗ್ ಚಿತ್ರದಲ್ಲಿ ಈ ಕೊನೆಯ ತೀರ್ಮಾನಕ್ಕೆ ಹೋಗಬೇಡಿ. ಸಂಕುಚನ ಆ ಗದ್ದಲವನ್ನು ಮೊದಲೇ ನುಂಗಿಬಿಟ್ಟಿರುತ್ತದೆ.

ಇಲ್ಲಿ ಸುಳ್ಳು ಎಚ್ಚರಿಕೆಯೂ ಉಂಟು. ಕ್ಯಾಮೆರಾದ ಸಂವೇದಕದ ಮೇಲೆ ಕೂತ ಧೂಳು ಆ ಕ್ಯಾಮೆರಾ ತೆಗೆದ ಎಲ್ಲ ಫೋಟೊಗಳಲ್ಲೂ ಚೌಕಟ್ಟಿನ ಅದೇ ಜಾಗದಲ್ಲಿ ಕಾಣುತ್ತದೆ. ಕಲೆ ಮಾತ್ರ ಒಂದೇ ಕಡೆ ಇದ್ದು ಕೋಶಗಳು ಬೇರೆಯಾಗಿದ್ದರೆ ಅದು ಉಪಕರಣದ ಕೊಳೆ. ಕೋಶಗಳ ಜೊತೆಗೆ ಕಲೆಯೂ ಸರಿದಿದ್ದರೆ ಮಾತ್ರ ಅದು ಮಾದರಿಗೆ ಸೇರಿದ ಗುರುತು.

## ಲಕ್ಷಣ: ಆಕಾರ ಒಂದೇ, ಹೊಳಪು ಬೇರೆ

ಒಂದು ಪ್ಯಾನೆಲ್ ಮಂದವಾಗಿ, ಇನ್ನೊಂದು ಪ್ರಖರವಾಗಿ ಇದ್ದರೆ ಕಣ್ಣು ಅವನ್ನು ಬೇರೆ ಎಂದೇ ಓದುತ್ತದೆ. ಕಪ್ಪು ಹಿನ್ನೆಲೆಯ ಪ್ರತಿದೀಪ್ತಿ ಚಿತ್ರಗಳಲ್ಲಿ ಇದು ಮತ್ತೂ ಹೆಚ್ಚು, ಏಕೆಂದರೆ ಮಂದ ಕೋಶಗಳು ಕತ್ತಲೆಯಲ್ಲಿ ಮುಳುಗಿರುತ್ತವೆ. ಎರಡೂ ಪ್ಯಾನೆಲ್‌ಗಳನ್ನು ಬೂದುಬಣ್ಣಕ್ಕೆ ಇಳಿಸಿ, ಇಮೇಜ್‌ಜೆಯ ಈ ಮ್ಯಾಕ್ರೊ ಸಾಲುಗಳಿಂದ ಕತ್ತಲೆಯ ಭಾಗವನ್ನು ಮಾತ್ರ ಎತ್ತಿ ನೋಡಿ:

```
run("8-bit");
setMinAndMax(0, 40);
```

0ಯಿಂದ 255ರವರೆಗಿನ ಮಟ್ಟಗಳಲ್ಲಿ ಕೆಳಗಿನ 40 ಮಾತ್ರ ಇಡೀ ಪರದೆಯ ಬೆಳಕನ್ನು ಪಡೆಯುವುದರಿಂದ ಅಡಗಿದ್ದ ಕೋಶಗಳು ಎದ್ದು ಕಾಣುತ್ತವೆ. ಈ ಎರಡನೆಯ ಸಾಲು ಪ್ರದರ್ಶನವನ್ನು ಬದಲಿಸುತ್ತದೆಯೇ ಹೊರತು ಪಿಕ್ಸೆಲ್ ಬೆಲೆಗಳನ್ನು ಮುಟ್ಟುವುದಿಲ್ಲ. ಹೀಗೆ ಎತ್ತಿದಾಗ ಒಂದೇ ಪ್ಯಾನೆಲ್‌ನೊಳಗೆ ಕೆಲವು ಕೋಶಗಳ ಸುತ್ತ ಚೌಕಾಕಾರದ ಕಪ್ಪು ತೇಪೆ ಕಂಡರೆ, ಅಥವಾ ಒಂದೇ ಕೋಶ ಎರಡು ಜಾಗಗಳಲ್ಲಿ ತನ್ನ ಸುತ್ತಲಿನ ಹಿನ್ನೆಲೆಯ ಸಮೇತ ಕಂಡರೆ, ಅದು ಮೂರನೆಯ ಬಗೆಯ ದೋಷ. ಹೆಸರು ಅದಲುಬದಲಾದದ್ದು ಎಂದು ಇದನ್ನು ವಿವರಿಸುವುದು ಕಷ್ಟ.

ದೊಡ್ಡ ಕ್ಷೇತ್ರವನ್ನು ತುಂಡುತುಂಡಾಗಿ ತೆಗೆದು ತಂತ್ರಾಂಶ ಜೋಡಿಸಿದ ಚಿತ್ರಗಳಲ್ಲಿ ಸಮಾನ ಅಂತರದಲ್ಲಿ ಉದ್ದಕ್ಕೂ ಅಡ್ಡಕ್ಕೂ ಜಾಲರಿಯಂತೆ ಬೆಸುಗೆಗಳು ಕಾಣುತ್ತವೆ. ಅದು ಸಹಜ, ವಿಧಾನದ ಭಾಗದಲ್ಲಿ ಹಾಗೆಂದು ಬರೆದಿದೆಯೇ ಎಂದು ನೋಡಿದರೆ ಸಾಕು.

## ಲಕ್ಷಣ: ಎರಡು ಲೇನ್‌ಗಳ ನಡುವೆ ನೇರವಾದ ಗೆರೆ

ಸೂಕ್ಷ್ಮದರ್ಶಕದ ಚಿತ್ರಗಳ ಪಕ್ಕದಲ್ಲಿಯೇ ಅದೇ ವಾದವನ್ನು ಬೆಂಬಲಿಸುವ ವೆಸ್ಟರ್ನ್ ಬ್ಲಾಟ್ ಅಥವಾ ಜೆಲ್ ಪಟ್ಟಿಗಳು ಸಾಮಾನ್ಯವಾಗಿ ಇರುತ್ತವೆ; ಪ್ರೋಟೀನ್ ಅಥವಾ ಡಿಎನ್‌ಎಯನ್ನು ಗಾತ್ರದಂತೆ ಬೇರ್ಪಡಿಸಿ ತೋರಿಸುವ ಅವುಗಳಲ್ಲಿ ಒಂದೊಂದು ಮಾದರಿ ಸಾಗಿದ ಉದ್ದನೆಯ ಸಾಲೇ ಲೇನ್. ಇಲ್ಲಿ ಹಿನ್ನೆಲೆ ಬಿಳಿ ಅಥವಾ ತಿಳಿಬೂದು, ಆದ್ದರಿಂದ ಎತ್ತಬೇಕಾದದ್ದು ಮೇಲಿನ ತುದಿಯನ್ನು:

```
run("8-bit");
setMinAndMax(200, 255);
```

ಮೆಂಬ್ರೇನ್‌ನ ಹಿನ್ನೆಲೆ ಒಂದು ಲೇನ್‌ನಿಂದ ಇನ್ನೊಂದಕ್ಕೆ ಮೋಡದಂತೆ ನಿಧಾನವಾಗಿ ಬದಲಾಗುತ್ತದೆ. ಅಂಟಿಸಿದ ಕಡೆ ಆ ಬದಲಾವಣೆ ಒಂದೇ ಪಿಕ್ಸೆಲ್‌ನಲ್ಲಿ ಆಗುತ್ತದೆ. ಗೆರೆ ಮೇಲಿನಿಂದ ಕೆಳಗಿನವರೆಗೆ ಲಂಬವಾಗಿ ಹೋಗಿದೆಯೇ, ಅದರ ಎಡಬಲಗಳಲ್ಲಿ ಕಾಳಿನ ನುಣುಪು ಬೇರೆಯಿದೆಯೇ, ಬ್ಯಾಂಡ್‌ನ ಸುತ್ತಲಿನ ಮಸುಕು ಪ್ರಭೆ ಅಲ್ಲಿಗೆ ಕತ್ತರಿಸಿದಂತೆ ನಿಂತಿದೆಯೇ ಎಂದು ನೋಡಿ. ಮೂರೂ ಒಟ್ಟಿಗೆ ಇದ್ದರೆ ಅದು ಜೋಡಣೆ ಎಂದು ಹೇಳಲು ಗಟ್ಟಿ ಆಧಾರವಿದೆ.

ಗೆರೆ ಮಾತ್ರ ಇದ್ದು ಉಳಿದೆರಡು ಇಲ್ಲದಿದ್ದರೆ ಜೆಪೆಗ್ ಸಂಕುಚನವನ್ನು ಶಂಕಿಸಿ. ಅದು ಚಿತ್ರವನ್ನು 8×8 ಪಿಕ್ಸೆಲ್‌ನ ಚೌಕಗಳಾಗಿ ಒಡೆದು ಕೆಲಸ ಮಾಡುವುದರಿಂದ, ಗೆರೆಯ ಅಡ್ಡ ಸ್ಥಾನ 8ರ ಗುಣಕವಾಗಿದ್ದು ಅಂತಹ ಮಂದ ಗೆರೆಗಳು ಚಿತ್ರದ ಬೇರೆಡೆಯೂ ಇದ್ದರೆ ಅದು ಸಂಕುಚನದ ಗುರುತು. ಹಿನ್ನೆಲೆ ಎಲ್ಲ ಕಡೆಯೂ 255ಕ್ಕೆ ತಲುಪಿ ಪೂರ್ತಿ ಬಿಳಿಯಾಗಿದ್ದರೆ ಯಾವ ಪರೀಕ್ಷೆಯೂ ಕೆಲಸ ಮಾಡುವುದಿಲ್ಲ. ಜೋಡಣೆ ಇಲ್ಲ ಎಂದು ಅದರಿಂದ ತಿಳಿಯಬಾರದು. ಕಾಣಬೇಕಾದ ಮಾಹಿತಿಯನ್ನೇ ಅಳಿಸಲಾಗಿದೆ, ಕತ್ತರಿಸದ ಮೂಲ ಬ್ಲಾಟ್ ಕೇಳಲು ಅದೊಂದೇ ಕಾರಣ ಸಾಕು.

ಜೋಡಣೆ ಎಂದಾಕ್ಷಣ ಅಪರಾಧವಲ್ಲ. ಒಂದೇ ಜೆಲ್‌ನಲ್ಲಿ ಬೇಡದ ಲೇನ್‌ಗಳನ್ನು ತೆಗೆದು ಉಳಿದವನ್ನು ಹತ್ತಿರ ತಂದಿರಬಹುದು. ‘ಜರ್ನಲ್ ಆಫ್ ಸೆಲ್ ಬಯಾಲಜಿ’ 2002ರಿಂದ ಸ್ವೀಕೃತ ಪ್ರಬಂಧಗಳ ಚಿತ್ರಗಳನ್ನು ತಪಾಸಣೆ ಮಾಡಲು ತೊಡಗಿತು. ಈಗ ವ್ಯಾಪಕವಾಗಿ ಒಪ್ಪಿತವಾಗಿರುವ ನಿಯಮವೆಂದರೆ, ಬೇರೆ ಬೇರೆ ಜಾಗದಿಂದ ತಂದ ತುಂಡುಗಳ ನಡುವೆ ಕಾಣುವಂತಹ ಗೆರೆ ಅಥವಾ ಅಂತರ ಇರಬೇಕು, ವಿವರಣೆಯಲ್ಲಿ ಅದನ್ನು ಹೇಳಿರಬೇಕು. ಬೇರೆ ಜೆಲ್‌ನ ಲೇನನ್ನು ತಂದು ಅದೇ ಜೆಲ್‌ನದ್ದೆಂದು ಹೋಲಿಕೆಗೆ ಇಡುವುದು ಇನ್ನೊಂದೇ ಮಾತು. 2014ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ, ಸಾಮಾನ್ಯ ಕೋಶಗಳು ಹೊರಗಿನ ಪ್ರಚೋದನೆಯಿಂದ ಕಾಂಡಕೋಶಗಳಂತಾಗುತ್ತವೆ ಎಂದ ಸ್ಟ್ಯಾಪ್ ಕೋಶಗಳ ಪ್ರಬಂಧದಲ್ಲಿ ಆದದ್ದು ಇದು: ಒಂದು ಜೆಲ್ ಚಿತ್ರದ ಮೂರನೆಯ ಲೇನ್ ಬೇರೆ ಜೆಲ್‌ನಿಂದ ಬಂದಿತ್ತು, ಕಾಂಟ್ರಾಸ್ಟ್ ಏರಿಸಿದಾಗ ಅದರ ಎರಡೂ ಬದಿಯ ಅಂಚುಗಳು ಓದುಗರಿಗೆ ಕಂಡವು. ಜಪಾನಿನ ರಿಕೆನ್ ಸಂಸ್ಥೆಯ ತನಿಖಾ ಸಮಿತಿ ಅದನ್ನೂ, ಬೇರೆ ಪ್ರಯೋಗದ ಚಿತ್ರಗಳ ಮರುಬಳಕೆಯನ್ನೂ ದುರ್ನಡತೆ ಎಂದು ತೀರ್ಮಾನಿಸಿತು. ಅದೇ ವರ್ಷದ ಜುಲೈನಲ್ಲಿ ಪ್ರಬಂಧವನ್ನು ಹಿಂಪಡೆಯಲಾಯಿತು.

## ಲಕ್ಷಣ: ಒಂದು ಬ್ಯಾಂಡ್ ಇನ್ನೊಂದರ ಪಡಿಯಚ್ಚು

ಎಲ್ಲ ಲೇನ್‌ಗಳಲ್ಲೂ ಸಮಪ್ರಮಾಣದ ಪ್ರೋಟೀನ್ ಇದೆಯೆಂದು ತೋರಿಸುವ, ಆಕ್ಟಿನ್‌ನಂತಹ ಲೋಡಿಂಗ್ ಕಂಟ್ರೋಲ್ ಪಟ್ಟಿಗಳಲ್ಲಿ ಈ ಲಕ್ಷಣ ಹೆಚ್ಚು, ಅದರ ಜೊತೆ ತಪ್ಪು ಶಂಕೆಯೂ ಹೆಚ್ಚು. ಅತಿಯಾಗಿ ಎಕ್ಸ್‌ಪೋಸ್ ಆದ ದಪ್ಪ ಬ್ಯಾಂಡ್‌ಗಳು ಒಳವಿವರ ಕಳೆದುಕೊಂಡು ಎಲ್ಲವೂ ಒಂದೇ ತರಹದ ಕಪ್ಪು ಗುಳಿಗೆಗಳಂತೆ ಕಾಣುತ್ತವೆ. ಅಂತಹವುಗಳ ಹೊರ ಆಕಾರವನ್ನು ನಂಬಬೇಡಿ. ಬ್ಯಾಂಡ್‌ನ ತುದಿ ಎತ್ತ ಬಾಗಿದೆ, ಅಂಚಿನಲ್ಲಿ ಎಲ್ಲಿ ಕಚ್ಚಿದೆ, ಮೇಲೆ ಕೆಳಗೆ ಯಾವ ಚುಕ್ಕೆ ಎಷ್ಟು ದೂರದಲ್ಲಿದೆ ಎಂಬುದನ್ನು ನೋಡಿ. ಬ್ಯಾಂಡ್ ಜೊತೆ ಅದರ ಚುಕ್ಕೆಯೂ ಪ್ರಯಾಣ ಮಾಡಿದ್ದರೆ ನಕಲಿನ ಶಂಕೆ ಬಲವಾಗುತ್ತದೆ. ಅಡ್ಡಕ್ಕೆ ಹಿಗ್ಗಿಸಿದ ಅಥವಾ ಕನ್ನಡಿಯಲ್ಲಿ ತಿರುವಿದ ಬ್ಯಾಂಡ್‌ಗಳಿಗೂ ಇದೇ ಅಳತೆ ಸಾಕು.

ಒಂದೇ ಮೆಂಬ್ರೇನನ್ನು ತೊಳೆದು ಹಲವು ಪ್ರೋಟೀನ್‌ಗಳಿಗೆ ಪರೀಕ್ಷಿಸಿದ್ದರೆ ಅವುಗಳಿಗೆಲ್ಲ ಒಂದೇ ಆಕ್ಟಿನ್ ಪಟ್ಟಿ ಬರುವುದು ಸರಿಯೇ. ಲೇನ್‌ಗಳ ಹೆಸರು ಅಥವಾ ಸಂಖ್ಯೆ ಬೇರೆಯಾಗಿದ್ದೂ ಅದೇ ಪಟ್ಟಿ ಬಂದಿದ್ದರೆ ಸರಿಯಲ್ಲ.

## ಎಲ್ಲಿ ನಿಲ್ಲಬೇಕು, ಯಾರಿಗೆ ಹೇಳಬೇಕು

ಪರಿಶೀಲಕರು ಖಚಿತವಾಗಿ ಹೇಳಬಹುದಾದದ್ದು ‘ಈ ಎರಡು ಜಾಗಗಳಲ್ಲಿರುವುದು ಒಂದೇ ಚಿತ್ರ’ ಎಂಬಷ್ಟನ್ನೇ. ಅದು ಹೇಗಾಯಿತು, ಯಾರು ಮಾಡಿದರು, ಬೇಕೆಂದೇ ಮಾಡಿದರೇ ಎಂಬುದು ಚಿತ್ರದಲ್ಲಿ ಬರೆದಿರುವುದಿಲ್ಲ. ಆದ್ದರಿಂದ ಲೇಖಕರಿಗೆ ನೇರವಾಗಿ ಬರೆಯಬೇಡಿ, ಲೇಖಕರು ಓದುವ ಟಿಪ್ಪಣಿಯಲ್ಲೂ ಆರೋಪದ ಪದಗಳನ್ನು ಬಳಸಬೇಡಿ. ಸಂಪಾದಕರಿಗೆ ಮಾತ್ರ ತಲುಪುವ ಭಾಗದಲ್ಲಿ, ಎರಡು ಪ್ಯಾನೆಲ್‌ಗಳ ಹೊಂದುವ ಭಾಗಕ್ಕೆ ಒಂದೇ ಬಣ್ಣದ ಚೌಕಟ್ಟು ಹಾಕಿದ ಚಿತ್ರದೊಂದಿಗೆ, ಹೀಗೆ ಬರೆದರೆ ಸಾಕು: “ಚಿತ್ರ 3ರ ‘ಬಿ’ ಪ್ಯಾನೆಲ್‌ನ ಕೆಳಗಿನ ಬಲಭಾಗವು ‘ಡಿ’ ಪ್ಯಾನೆಲ್‌ನ ಕೆಳಗಿನ ಬಲಭಾಗವನ್ನು 180 ಡಿಗ್ರಿ ತಿರುಗಿಸಿ ಶೇಕಡಾ 80ಕ್ಕೆ ಕುಗ್ಗಿಸಿದಾಗ ಹೊಂದುತ್ತದೆ. ಮೆಂಬ್ರೇನ್‌ನ ರಂಧ್ರಗಳೂ ಹೊಂದುತ್ತವೆ. ದಯವಿಟ್ಟು ನಾಲ್ಕೂ ಪ್ಯಾನೆಲ್‌ಗಳ ಮೂಲ ಕಡತಗಳನ್ನು ತರಿಸಿ.”

ಪ್ರಕಾಶನ ನೀತಿಯ ಸಮಿತಿಯಾದ ಕೋಪ್ ಇಂತಹ ಸಂದರ್ಭಗಳಿಗೆ ಸಂಪಾದಕರು ಅನುಸರಿಸಬೇಕಾದ ಕ್ರಮವನ್ನು ಕೊಟ್ಟಿದೆ: ಮೊದಲು ಲೇಖಕರಿಂದ ವಿವರಣೆ ಮತ್ತು ಮೂಲ ದತ್ತಾಂಶ ಕೇಳುವುದು, ಅದು ತೃಪ್ತಿಕರವಾಗದಿದ್ದರೆ ಅವರ ಸಂಸ್ಥೆಗೆ ತಿಳಿಸುವುದು. ತನಿಖೆಯ ಅಧಿಕಾರ ಇರುವುದು ಸಂಸ್ಥೆಗೆ.

ಮೂಲ ಕಡತ ಎಂದರೆ ಸೂಕ್ಷ್ಮದರ್ಶಕದ ತಂತ್ರಾಂಶ ಉಳಿಸಿದ `.czi`, `.lif` ಅಥವಾ `.nd2` ಕಡತ. ಅದರಿಂದ ಮಾಡಿದ ಜೆಪೆಗ್ ಅಲ್ಲ. ಅಂತಹ ಕಡತದೊಳಗೆ ಫೋಟೊ ತೆಗೆದ ದಿನ, ಗಳಿಗೆ, ಎಕ್ಸ್‌ಪೋಷರ್ ಇರುತ್ತವೆ, ಮೋಟಾರು ಪೀಠವಿದ್ದರೆ ಅದರ ನಿರ್ದೇಶಾಂಕಗಳೂ ಇರುತ್ತವೆ. ನಮ್ಮ ಉದಾಹರಣೆಯಲ್ಲಿ ಲೇಖಕರು ‘ಡಿ’ಗೆ ಬೇರೊಂದು ಕಡತ ಕಳಿಸಿ, ಜೋಡಿಸುವಾಗ ತಪ್ಪು ಚಿತ್ರ ಎಳೆದುಕೊಂಡಿದ್ದಾಗಿ ಹೇಳಿದರೆ, ಆ ಕಡತದ ದಿನಾಂಕ ಉಳಿದ ಮೂರರ ಜೊತೆಗೆ ಹೊಂದುತ್ತದೆಯೇ ಎಂದು ನೋಡಬೇಕು. ಅದು ಹೊಂದಿದರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಪಕ್ಕದ ಸ್ತಂಭನಕ್ಷೆಗಾಗಿ ಕೋಶಗಳನ್ನು ಎಣಿಸಿದ್ದು ಯಾವ ಫೋಟೊದಲ್ಲಿ? ತಪ್ಪು ಚಿತ್ರದಲ್ಲಿಯೇ ಎಣಿಸಿದ್ದರೆ ಪ್ಯಾನೆಲ್ ಬದಲಿಸಿದ ಮಾತ್ರಕ್ಕೆ ದೋಷ ಸರಿಯಾಗುವುದಿಲ್ಲ, ಎಣಿಕೆಯನ್ನು ಮತ್ತೆ ಮಾಡಿ ಸಂಖ್ಯೆಗಳನ್ನೂ ಕಳಿಸಬೇಕೆಂದು ಸಂಪಾದಕರ ಮೂಲಕ ಕೇಳಬೇಕು.